ನಾಲ್ಕು ಆಯ್ಕೆ, ಒಂದು 'ಮಾತ್ರ': ಪೂರ್ವಭಾವಿ ಪರೀಕ್ಷೆಯ ರಾಜ್ಯಾಡಳಿತ ಪ್ರಶ್ನೆಗಳ ಒಳಗುಟ್ಟು

ತಾವರೆಕೆರೆ (ಶಿರಾ): ಈ ಭಾಗದ ಯಾವ ಗ್ರಾಮ ಪಂಚಾಯಿತಿಯ ಕಟ್ಟೆಯಲ್ಲಿ ಕುಳಿತು ವಿಚಾರಿಸಿದರೂ ಉತ್ತರ ಸಿಗಬಹುದಾದ ಪ್ರಶ್ನೆಯೊಂದನ್ನು ಕೇಂದ್ರ ಲೋಕಸೇವಾ ಆಯೋಗವು 2016ರ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯಲ್ಲಿ ಕೇಳಿತ್ತು. ಅದರಲ್ಲಿ ಎರಡೇ ಹೇಳಿಕೆಗಳಿದ್ದವು. ಪಂಚಾಯಿತಿ ಸದಸ್ಯರಾಗಲು ಕನಿಷ್ಠ ವಯಸ್ಸು 25 ವರ್ಷ ಎಂಬುದು ಮೊದಲನೆಯದು. ಅವಧಿಗೆ ಮುನ್ನ ವಿಸರ್ಜನೆಗೊಂಡು ಪುನರ್‌ರಚನೆಯಾದ ಪಂಚಾಯಿತಿಯು ಉಳಿದ ಅವಧಿಗೆ ಮಾತ್ರ ಮುಂದುವರಿಯುತ್ತದೆ ಎಂಬುದು ಎರಡನೆಯದು. 1 ಮಾತ್ರ, 2 ಮಾತ್ರ, ಎರಡೂ, ಎರಡೂ ಅಲ್ಲ ಎಂಬ ನಾಲ್ಕು ಆಯ್ಕೆಗಳಲ್ಲಿ ಸರಿಯಾದುದು '2 ಮಾತ್ರ'.

ಮೊದಲ ಹೇಳಿಕೆಯಲ್ಲಿರುವ 25 ಎಂಬ ಅಂಕಿ ಆಕಾಶದಿಂದ ಉದುರಿದ್ದಲ್ಲ. ವಿಧಾನಸಭೆ ಮತ್ತು ಲೋಕಸಭೆಯ ಸದಸ್ಯತ್ವಕ್ಕೆ ಬೇಕಾದ ವಯಸ್ಸು ಅಷ್ಟೇ. ಅಷ್ಟೇ ಅಲ್ಲ, ಪಂಚಾಯಿತಿ ಸದಸ್ಯರ ಅನರ್ಹತೆಯನ್ನು ಹೇಳುವ ಸಂವಿಧಾನದ 243-ಎಫ್ ವಿಧಿಯಲ್ಲಿಯೂ ಈ ಅಂಕಿ ಬರುತ್ತದೆ. ಒಬ್ಬ ವ್ಯಕ್ತಿಗೆ 21 ತುಂಬಿದ್ದರೆ, 25 ತುಂಬಿಲ್ಲವೆಂಬ ಕಾರಣಕ್ಕೆ ಆತನನ್ನು ಅನರ್ಹಗೊಳಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ಓದಿದ್ದು ಅರೆಬರೆ ನೆನಪಿರುವವನಿಗೆ 25 ಎಂಬುದು ಪರಿಚಿತವೆನಿಸುತ್ತದೆ. ಪರಿಚಿತವಾದುದು ಸರಿ ಎನಿಸುತ್ತದೆ. ಪ್ರಶ್ನೆ ರೂಪಿಸುವವರ ಕೈಚಳಕ ಬಹುಪಾಲು ಇಷ್ಟೇ: ಒಂದು ಸಂಸ್ಥೆಯ ನಿಯಮವನ್ನು ಪಕ್ಕದ ಸಂಸ್ಥೆಗೆ ಅಂಟಿಸುವುದು.

ಎರಡನೆಯ ಹೇಳಿಕೆಯೂ ಇದೇ ಜಾತಿಯದು. 2004ರಲ್ಲಿ ಚುನಾಯಿತವಾದ ಕರ್ನಾಟಕ ವಿಧಾನಸಭೆ 2007ರ ನವೆಂಬರ್‌ನಲ್ಲಿ ವಿಸರ್ಜನೆಯಾಯಿತು. 2008ರ ಮೇ ತಿಂಗಳಲ್ಲಿ ಆರಿಸಿಬಂದ ಹೊಸ ವಿಧಾನಸಭೆಯು ಹಳೆಯದರ ಉಳಿಕೆ ಅವಧಿಯಾದ 2009ಕ್ಕೆ ಮುಗಿಯಲಿಲ್ಲ. ಮುಂದಿನ ಚುನಾವಣೆ ನಡೆದದ್ದು 2013ರಲ್ಲಿ. ವಿಧಾನಸಭೆಗೆ ಮಧ್ಯಾವಧಿ ಚುನಾವಣೆಯಾದರೆ ಮತ್ತೆ ಐದು ವರ್ಷಗಳ ಅವಕಾಶವಿದೆ. ಪಂಚಾಯಿತಿಗೆ ಹಾಗಿಲ್ಲ. 243-ಇ ವಿಧಿಯ ಪ್ರಕಾರ ಅದಕ್ಕೆ ಉಳಿದಷ್ಟೇ ಕಾಲ. ಉಳಿದಿರುವುದು ಆರು ತಿಂಗಳಿಗೂ ಕಡಿಮೆಯಾದರೆ ಅಷ್ಟು ಅವಧಿಗಾಗಿ ಚುನಾವಣೆ ನಡೆಸಬೇಕಾದ ಅಗತ್ಯವೇ ಇಲ್ಲ.

ಶಿರಾ ಮತದಾರರಿಗೆ ಇದರ ಮತ್ತೊಂದು ರೂಪ ನೆನಪಿರಬಹುದು. ಶಾಸಕ ಬಿ. ಸತ್ಯನಾರಾಯಣ ಅವರ ನಿಧನದಿಂದ ತೆರವಾದ ಸ್ಥಾನಕ್ಕೆ 2020ರ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಗೆದ್ದವರಿಗೆ ದೊರೆತದ್ದು 2023ರವರೆಗಿನ ಉಳಿಕೆ ಅವಧಿ. ಇಡೀ ಸದನ ವಿಸರ್ಜನೆಯಾದರೆ ಒಂದು ಲೆಕ್ಕ, ಒಂದು ಸ್ಥಾನ ತೆರವಾದರೆ ಬೇರೊಂದು ಲೆಕ್ಕ. ಸಾಮಾನ್ಯವಾಗಿ ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಆ ನಿಯಮ ಅನ್ವಯಿಸದು. 'ಆರು ತಿಂಗಳು' ಮತ್ತು 'ಒಂದು ವರ್ಷ'ವನ್ನು ಅದಲು ಬದಲು ಮಾಡಿದರೆ ಹೊಸ ಪ್ರಶ್ನೆಯೊಂದು ಸಿದ್ಧ.

ಆಯ್ಕೆಗಳೇ ಬಿಟ್ಟುಕೊಡುವ ಸುಳಿವು

ಇದೇ ಪ್ರಶ್ನೆಗೆ ಮೂರನೆಯ ಹೇಳಿಕೆಯೊಂದನ್ನು ಸೇರಿಸಿ ನೋಡೋಣ: 'ಉಳಿದ ಅವಧಿ ಆರು ತಿಂಗಳಿಗಿಂತ ಕಡಿಮೆಯಿದ್ದರೆ ಅದಕ್ಕಾಗಿ ಚುನಾವಣೆ ಅಗತ್ಯವಿಲ್ಲ.' ಆಯ್ಕೆಗಳು ಹೀಗಿರಲಿ:

(ಎ) 1 ಮಾತ್ರ
(ಬಿ) 2 ಮತ್ತು 3 ಮಾತ್ರ
(ಸಿ) 1 ಮತ್ತು 3 ಮಾತ್ರ
(ಡಿ) 1, 2 ಮತ್ತು 3

ಮೂರು ಹೇಳಿಕೆಗಳು ಸರಿ–ತಪ್ಪಾಗಲು ಒಟ್ಟು ಎಂಟು ಬಗೆಗಳಿವೆ. ಪತ್ರಿಕೆಯಲ್ಲಿ ಮುದ್ರಿತವಾಗುವುದು ನಾಲ್ಕೇ. ಉಳಿದ ನಾಲ್ಕನ್ನು ಪ್ರಶ್ನೆ ರೂಪಿಸಿದವರೇ ಕೈಬಿಟ್ಟಿದ್ದಾರೆ, ಸುಳಿವು ಅಲ್ಲಿದೆ. ಮೊದಲ ಹೇಳಿಕೆ ತಪ್ಪೆಂದು ಖಚಿತವಾಗಿ ಬಲ್ಲ ಅಭ್ಯರ್ಥಿ ಎ, ಸಿ, ಡಿ ಮೂರನ್ನೂ ಹೊಡೆದುಹಾಕಬಹುದು. 243-ಇ ವಿಧಿಯ ಹೆಸರನ್ನೇ ಕೇಳದಿದ್ದರೂ ಆತನಿಗೆ ಪೂರ್ಣ ಎರಡು ಅಂಕ. ತರಬೇತಿ ಕೇಂದ್ರಗಳು ವರ್ಷಗಳಿಂದ ಕಲಿಸುತ್ತ ಬಂದ 'ತೆಗೆದುಹಾಕುವ ವಿಧಾನ' ಇದೇ.

ಕೇಂದ್ರ ಆಯೋಗಕ್ಕೆ ಇದು ಗೊತ್ತಿಲ್ಲದೇನಿಲ್ಲ. 2023ರ ಪತ್ರಿಕೆಯಲ್ಲಿ 'ಮೇಲಿನವುಗಳಲ್ಲಿ ಎಷ್ಟು ಹೇಳಿಕೆಗಳು ಸರಿ?' ಎಂಬ ಮಾದರಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡಿತು. ಒಂದು ಮಾತ್ರ, ಎರಡು ಮಾತ್ರ, ಮೂರೂ, ಯಾವುದೂ ಅಲ್ಲ ಎಂಬಂಥ ಆಯ್ಕೆಗಳು. ಇಲ್ಲಿ ಮೊದಲ ಹೇಳಿಕೆ ತಪ್ಪೆಂದು ಗೊತ್ತಿದ್ದರೆ ಉದುರುವುದು 'ಮೂರೂ' ಎಂಬ ಒಂದೇ ಆಯ್ಕೆ. ಇನ್ನೂ ಮೂರು ನಿಂತಿರುತ್ತವೆ.

ಹೊಸ ಮಾದರಿ ನಿಜವಾದ ಜ್ಞಾನವನ್ನು ಅಳೆಯುತ್ತದೆ ಎಂಬ ವಾದವನ್ನು ಪೂರ್ತಿ ಒಪ್ಪುವಂತಿಲ್ಲ. ಮೇಲಿನ ಪ್ರಶ್ನೆಯ ಸರಿ ಉತ್ತರ 'ಎರಡು'. ವಯಸ್ಸು 25 ಎಂಬುದು ಸರಿ, ಆರು ತಿಂಗಳ ವಿಷಯ ತಪ್ಪು ಎಂದು ಭಾವಿಸಿದ ಅಭ್ಯರ್ಥಿಯ ಲೆಕ್ಕವೂ 'ಎರಡು' ಎಂದೇ ಬರುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಅಳಿಸಿಹಾಕಿ ಪೂರ್ಣ ಅಂಕ ಕೊಡಿಸುತ್ತವೆ! ಒಂದೇ ತಪ್ಪು ಮಾಡಿದವನು ಮಾತ್ರ ಅಂಕ ಕಳೆದುಕೊಳ್ಳುತ್ತಾನೆ.

ಆ ನಷ್ಟವೂ ಕಡಿಮೆಯಲ್ಲ. ಸಾಮಾನ್ಯ ಅಧ್ಯಯನದ ಪ್ರತಿ ಪ್ರಶ್ನೆಗೆ 2 ಅಂಕ. ತಪ್ಪಿದರೆ ಅದರ ಮೂರನೇ ಒಂದು ಭಾಗ ಕಡಿತ. ನಾಲ್ಕು ಆಯ್ಕೆಗಳ ನಡುವೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದನ್ನು ತೆಗೆದುಹಾಕಿದರೆ ಪ್ರಶ್ನೆಗೆ ಸರಾಸರಿ 0.22 ಅಂಕದ ಲಾಭ, ಎರಡನ್ನು ತೆಗೆದುಹಾಕಿದರೆ 0.67. ಅಂದರೆ ಹಳೆಯ ಮಾದರಿಯಲ್ಲಿ ಒಂದು ಖಚಿತ ಮಾಹಿತಿಗೆ ಇದ್ದ ಬೆಲೆ ಎಣಿಕೆಯ ಮಾದರಿಯಲ್ಲಿ ಬಹಳಷ್ಟು ಇಳಿಯುತ್ತದೆ.

ಊರಿನ ಅನುಭವವೇ ಅಡ್ಡಿಯಾದಾಗ

ಗ್ರಾಮೀಣ ಭಾಗದಿಂದ ಬರುವ ಅಭ್ಯರ್ಥಿಗೆ ಇನ್ನೊಂದು ವಿಚಿತ್ರ ತೊಡಕಿದೆ. ತಾವರೆಕೆರೆ ಸುತ್ತಮುತ್ತಲಿನ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು, ಅದನ್ನು ಆತ ಕಣ್ಣಾರೆ ಕಂಡಿದ್ದಾನೆ. ಆದರೆ 'ಮಹಿಳೆಯರಿಗೆ ಶೇ 50 ಮೀಸಲಾತಿಯನ್ನು ಸಂವಿಧಾನ ಕಡ್ಡಾಯಗೊಳಿಸಿದೆ' ಎಂಬ ಹೇಳಿಕೆ ತಪ್ಪು. ಸಂವಿಧಾನದ 243-ಡಿ ವಿಧಿ ಹೇಳುವುದು ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಎಂದು. ಅದನ್ನು ಅರ್ಧಕ್ಕೆ ಏರಿಸಿದ್ದು 2010ರ ರಾಜ್ಯದ ತಿದ್ದುಪಡಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅವಧಿ ಮುಗಿಯುವ ಮೊದಲೇ ಪಂಚಾಯಿತಿ ಚುನಾವಣೆ ಪೂರ್ಣಗೊಳ್ಳತಕ್ಕದ್ದು ಎಂಬ ಹೇಳಿಕೆ ಸರಿಯಾದುದು. ಆದರೆ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯದಿದ್ದುದನ್ನು ಕಂಡವನು ಅದನ್ನು ತಪ್ಪೆಂದು ಗುರುತಿಸಿದರೆ ಅಚ್ಚರಿಯಿಲ್ಲ. ಪರೀಕ್ಷೆ ಕೇಳುವುದು ಬರೆದಿಟ್ಟದ್ದನ್ನು, ನಡೆದದ್ದನ್ನಲ್ಲ.

ಈ ಮಾದರಿಯಲ್ಲಿ ಒಂದು ಪದಕ್ಕೆ ಇಷ್ಟು ಭಾರವಿರುವುದರಿಂದಲೇ ಭಾಷಾಂತರದ ಪ್ರಶ್ನೆ ಗಂಭೀರವಾಗುತ್ತದೆ. ಕೇಂದ್ರ ಆಯೋಗದ ಪೂರ್ವಭಾವಿ ಪತ್ರಿಕೆ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ. ಕರ್ನಾಟಕ ಲೋಕಸೇವಾ ಆಯೋಗದ ಪತ್ರಿಕೆ ಕನ್ನಡದಲ್ಲಿಯೂ ಇರುತ್ತದೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ದೋಷಪೂರಿತವೆಂಬ ಆಕ್ರೋಶ ಎದ್ದು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಅದರಲ್ಲಿಯೂ ಅನುವಾದದ ತಪ್ಪುಗಳಿವೆ ಎಂಬ ದೂರುಗಳು ಕೇಳಿಬಂದವು.

ಸಾಮಾನ್ಯ ಪ್ರಶ್ನೆಯಲ್ಲಿ ಅನುವಾದ ಒರಟಾಗಿದ್ದರೂ ಅರ್ಥ ಊಹಿಸಬಹುದು. ಹೇಳಿಕೆಗಳ ಪ್ರಶ್ನೆಯಲ್ಲಿ ಆ ಸೌಕರ್ಯವಿಲ್ಲ. ಪಂಚಾಯಿತಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸ್ಥಾನ ಮೀಸಲಿಡುವುದು ಸಂವಿಧಾನದ ಪ್ರಕಾರ ಕಡ್ಡಾಯ. ಹಿಂದುಳಿದ ವರ್ಗಗಳಿಗೆ ಮೀಸಲಿಡುವುದನ್ನು ಅದೇ ವಿಧಿ ರಾಜ್ಯ ಶಾಸಕಾಂಗದ ವಿವೇಚನೆಗೆ ಬಿಟ್ಟಿದೆ. ಎರಡರ ನಡುವಿನ ವ್ಯತ್ಯಾಸವೆಲ್ಲ 'ತಕ್ಕದ್ದು' ಮತ್ತು 'ಬಹುದು' ಎಂಬ ಎರಡು ಪ್ರತ್ಯಯಗಳಲ್ಲಿ ಅಡಗಿದೆ. ಅನುವಾದಕ ಇವೆರಡನ್ನೂ 'ಮೀಸಲಿಡಲಾಗುತ್ತದೆ' ಎಂದು ಬರೆದುಬಿಟ್ಟರೆ, ವಿಧಿಯನ್ನು ಚೆನ್ನಾಗಿ ಓದಿಕೊಂಡು ಬಂದ ಕನ್ನಡ ಮಾಧ್ಯಮದ ಅಭ್ಯರ್ಥಿಗೆ ಹೇಳಿಕೆ ಸರಿಯೋ ತಪ್ಪೋ ಎಂದು ನಿರ್ಧರಿಸುವ ದಾರಿಯೇ ಇರುವುದಿಲ್ಲ. ಪಕ್ಕದಲ್ಲಿರುವ ಇಂಗ್ಲಿಷ್ ಪಾಠವನ್ನು ನೋಡಿಕೊಳ್ಳಬಹುದು ಎನ್ನುವುದಾದರೆ, ಎರಡು ಗಂಟೆಯಲ್ಲಿ 100 ಪ್ರಶ್ನೆಗಳನ್ನು ಎದುರಿಸುವ ಆತ ಪ್ರತಿ ಹೇಳಿಕೆಯನ್ನೂ ಎರಡೆರಡು ಬಾರಿ ಓದಬೇಕಾಗುತ್ತದೆ.