ಅಧ್ಯಾಯ 6: ಹೆಂಡದಂಗಡಿಯವಳ ಹೆಸರೇನು? ಆಟ ನಿಲ್ಲಿಸದೆ ಹೆಸರು ಕಟ್ಟುವ ಬಗೆ

ಮೇಜಿನ ಸುತ್ತ ಕುಳಿತು ಆಡುವ ಕಥೆಯಾಟದಲ್ಲಿ ಒಬ್ಬರು ಲೋಕವನ್ನು ಕಟ್ಟಿಕೊಡುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಅದರಲ್ಲಿ ಓಡಾಡುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರತಂದಂದಿನಿಂದ ಈ ಬಗೆಯ ಆಟ ಜಗತ್ತಿನೆಲ್ಲೆಡೆ ಹಬ್ಬಿದೆ. ಲೋಕ ಕಟ್ಟುವವರನ್ನು ಈ ಪುಸ್ತಕದಲ್ಲಿ ನಿರೂಪಕರು ಎಂದು ಕರೆಯುತ್ತಿದ್ದೇವೆ. ನಿರೂಪಕರು ರಾಜನಿಗೂ ಖಳನಿಗೂ ಮೊದಲೇ ಹೆಸರಿಟ್ಟುಕೊಂಡು ಬಂದಿರುತ್ತಾರೆ. ಆದರೆ ಆಟಗಾರರು ರಾಜನನ್ನು ಬಿಟ್ಟು ಸಂಜೆ ಹೆಂಡದಂಗಡಿಗೆ ಹೋಗುತ್ತಾರೆ. ಅಲ್ಲಿ ಒಬ್ಬರು ಕೇಳುತ್ತಾರೆ: “ಅಂಗಡಿಯವಳ ಹೆಸರೇನು?”

ಆಗ ನಿರೂಪಕರು “ಅಂ... ಅವಳ ಹೆಸರು...” ಎಂದು ಚಾವಣಿ ನೋಡಿದರೆ ಎರಡು ಕೆಡುಕಾಗುತ್ತದೆ. ಅಲ್ಲಿಯವರೆಗೆ ಅಂಗಡಿಯ ಒಳಗಿದ್ದ ಆಟಗಾರರು ಮತ್ತೆ ಮೇಜಿನ ಮುಂದೆ ಬಂದು ಕೂರುತ್ತಾರೆ. ಜೊತೆಗೆ, ಅವಳು ಕಥೆಗೆ ಬೇಕಾದವಳಲ್ಲ ಎಂಬುದು ಅವರಿಗೆ ತಿಳಿದುಹೋಗುತ್ತದೆ. ಹೆಸರಿದ್ದವರನ್ನು ಮಾತ್ರ ಮಾತಾಡಿಸುವುದು ರೂಢಿಯಾಗುತ್ತದೆ. ಹೊಯ್ಸಳರ ಕಾಲದಲ್ಲಿ ನಡೆಯುವ ಆಟದಲ್ಲಿ ತಡಬಡಿಸಿ ಇಂದಿನ ಹೆಸರೊಂದನ್ನು ಅಂದುಬಿಟ್ಟರೆ ನಗುವೆದ್ದು ಆ ಕಾಲ ಅಲ್ಲಿಗೇ ಮುಗಿಯುತ್ತದೆ.

ಇದಕ್ಕೆ ಪರಿಹಾರ ಚುರುಕು ಬುದ್ಧಿಯಲ್ಲಿಲ್ಲ. ಆ ಗಳಿಗೆಯಲ್ಲಿ ಆಯ್ಕೆ ಮಾಡುವ ಕೆಲಸವೇ ಇರಬಾರದು. ಹಾಗೆ ಮಾಡಲು ಬೇಕಾದ ಸಾಮಗ್ರಿ ಬೇಲೂರಿನ ಕಲ್ಲಿನಲ್ಲೇ ಇದೆ. ಆದ್ದರಿಂದ ಈ ಅಧ್ಯಾಯದ ಉದಾಹರಣೆಗೆ 1117ರ ಬೇಲೂರನ್ನೇ ತೆಗೆದುಕೊಳ್ಳೋಣ: ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವರ್ಷ, ಊರ ತುಂಬ ಹೊರಗಿನಿಂದ ಬಂದ ಕೆಲಸಗಾರರು.

ಹೆಸರಿನ ಮೂರು ತುಂಡು

ಬೇಲೂರಿನ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ನಾಗೋಜ, ಮಲ್ಲೋಜ, ಮಲ್ಲಿಯಣ್ಣ, ಚಿಕ್ಕಹಂಪ. ಇವನ್ನು ಒಟ್ಟಿಗೆ ಓದಿದರೆ ಹೆಸರು ಕಟ್ಟಿರುವ ರೀತಿ ಎದ್ದು ಕಾಣುತ್ತದೆ. ದಾಸ, ನಾಗ, ಮಲ್ಲ ಎಂಬ ಗಿಡ್ಡ ಬೇರು, ಅದರ ಹಿಂದೆ ‘ಓಜ’ ಎಂಬ ಬಾಲ. ‘ಓಜ’ ಬಂದರೆ ಅವನು ಕುಶಲಕರ್ಮಿ. ಬೇರಿನ ಮುಂದೆ ‘ಬಳ್ಳಿಗಾವೆಯ’ ಬಂದರೆ ಅವನು ಈ ಊರಿನವನಲ್ಲ.

ಅದೇ ಶತಮಾನದ ಕಲ್ಯಾಣದ ಶರಣರ ಹೆಸರುಗಳಲ್ಲೂ ಇದೇ ಕಟ್ಟಡವಿದೆ, ಊರಿನ ಜಾಗದಲ್ಲಿ ಕಸುಬು ಬಂದಿದೆ ಅಷ್ಟೆ. ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಸುಂಕದ ಬಂಕಣ್ಣ, ಆಯ್ದಕ್ಕಿ ಲಕ್ಕಮ್ಮ. ನಮ್ಮ ಕೆಲಸಕ್ಕೆ ಎಲ್ಲರಿಗಿಂತ ಹತ್ತಿರದವನು ಹೆಂಡದ ಮಾರಯ್ಯ. ಒಂದು ಹೆಸರು ಕೇಳಿದೊಡನೆ ಆ ವ್ಯಕ್ತಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾನೆ ಎಂದು ಕೇಳುವವರಿಗೆ ತಿಳಿಯುತ್ತದೆ. ಬೇರೆ ವಿವರಣೆ ಬೇಕಾಗುವುದಿಲ್ಲ.

ಹೀಗೆ ನಮ್ಮ ಸೂತ್ರ: ಊರು ಅಥವಾ ಕಸುಬು, ಬೇರು, ಬಾಲ. ಇದರಲ್ಲಿ ಮೊದಲನೆಯದೂ ಕೊನೆಯದೂ ಆಟದ ಸನ್ನಿವೇಶದಲ್ಲೇ ಇವೆ. ಆಟಗಾರರು ಯಾರನ್ನು ಮಾತಾಡಿಸುತ್ತಿದ್ದಾರೆ ಎಂಬುದು ನಿಮಗೆ ಗೊತ್ತಿದೆಯಲ್ಲ. ಹುಡುಕಬೇಕಾದದ್ದು ನಡುವಿನ ಬೇರು ಮಾತ್ರ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಚೀಟಿ

ಅಂಗೈ ಅಗಲದ ಒಂದು ಕಾಗದದ ಎಡಕ್ಕೆ ಈ ಹನ್ನೆರಡು ಬೇರುಗಳನ್ನು ಒಂದರ ಕೆಳಗೊಂದು ಬರೆಯಿರಿ: ಕೇತ, ಲಕ್ಕ, ಬೊಪ್ಪ, ಸಂಕ, ನಾಗ, ಚೌಡ, ಹೊನ್ನ, ಗಂಗ, ರೇಚ, ಆಚ, ದಾಸ, ಮಾಚ.

ಇವು ಆ ಕಾಲದ ಬೇರುಗಳೇ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ನಿರ್ಮಾಣಕ್ಕೆ ಹೆಸರಾದ ಅಧಿಕಾರಿ ಕೇತಮಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಅವನ ಮಗ ಬೊಪ್ಪ. ಅರಸೀಕೆರೆಯಲ್ಲಿ 1220ರಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದವನು ರೇಚರಸ. ಶ್ರವಣಬೆಳಗೊಳದ ಅಕ್ಕನ ಬಸದಿ ಕಟ್ಟಿಸಿದವಳು ಆಚಿಯಕ್ಕ. ದೊಡ್ಡವರ ಹೆಸರಿನ ಬೇರು ಬೇರೆ, ಊರವರ ಹೆಸರಿನ ಬೇರು ಬೇರೆ ಎಂದು ಇರಲಿಲ್ಲ. ಶಾಂತಲೆಯ ತಾಯಿ ಮಾಚಿಕಬ್ಬೆ. ಬಟ್ಟೆ ಒಗೆಯುವ ಶರಣ ಮಾಚಯ್ಯ. ಬೇರು ಒಂದೇ, ಅಂತಸ್ತನ್ನು ಹೇಳುವುದು ಬಾಲ.

ಆ ಬಾಲಗಳನ್ನು ಕಾಗದದ ಬಲಕ್ಕೆ ಬರೆಯಿರಿ. ಸಾಮಾನ್ಯ ಗಂಡಸಿಗೆ ‘ಅಯ್ಯ’ ಅಥವಾ ‘ಅಣ್ಣ’, ಕುಶಲಕರ್ಮಿಗೆ ‘ಓಜ’, ವ್ಯಾಪಾರಿಗೆ ‘ಸೆಟ್ಟಿ’, ಊರ ಮುಖ್ಯಸ್ಥನಿಗೆ ‘ಗಾವುಂಡ’. ಹೆಂಗಸರಿಗೆ ‘ಅವ್ವೆ’, ‘ಅಕ್ಕ’, ಮನೆತನಸ್ಥೆಯಾದರೆ ‘ಇಕಬ್ಬೆ’. ಜೋಡಿಸುವುದನ್ನು ಬಾಯಿಗೆ ಬಿಡಿ, ಸಂಧಿ ತಾನಾಗಿ ಆಗುತ್ತದೆ: ಕೇತೋಜ, ಲಕ್ಕವ್ವೆ, ಸಂಕಣ್ಣ. ‘ಸೆಟ್ಟಿ’ಯ ಮುಂದೆ ಬೇರಿನ ಕೊನೆ ‘ಇ’ಕಾರವಾದರೆ ಶಾಸನದ ಧಾಟಿ ಬರುತ್ತದೆ: ಕೇತಿಸೆಟ್ಟಿ, ನಾಗಿಸೆಟ್ಟಿ.

ಹನ್ನೆರಡು ಬೇರುಗಳೂ ಬೇರೆ ಬೇರೆ ಅಕ್ಷರದಿಂದ ಶುರುವಾಗಿರುವುದನ್ನು ಗಮನಿಸಿ. ಇದು ಬೇಕೆಂದೇ ಮಾಡಿದ್ದು. ನಿಜವಾದ ಶಾಸನಗಳಲ್ಲಿ ಮಾಚ, ಮಾರ, ಮಲ್ಲ, ಮಸಣ ಎಲ್ಲರೂ ಅಕ್ಕಪಕ್ಕದಲ್ಲೇ ಇರುತ್ತಾರೆ. ಓದುವವರು ಹಿಂದಿನ ಸಾಲಿಗೆ ಹೋಗಿ ನೋಡಿಕೊಳ್ಳಬಹುದು. ಆದರೆ ಆಟದಲ್ಲಿ ಹೆಸರು ಕಿವಿಗೆ ಒಮ್ಮೆ ಬಿದ್ದು ಹೋಗುತ್ತದೆ. ಮಾಚಯ್ಯ, ಮಾರಯ್ಯ ಒಂದೇ ಸಂಜೆ ಬಂದರೆ ಅರ್ಧ ಗಂಟೆಯಲ್ಲಿ ಇಬ್ಬರೂ ಒಬ್ಬರಾಗುತ್ತಾರೆ.

ಚೀಟಿಯನ್ನು ಬಳಸುವ ನಿಯಮ ಒಂದೇ: ಮೇಲಿನಿಂದ ಕೆಳಕ್ಕೆ, ಸಾಲು ತಪ್ಪದೆ. ಹನ್ನೆರಡು ಮುಖದ ದಾಳ ಇದೆಯೆಂದು ಆ ಗಳಿಗೆಯಲ್ಲಿ ಉರುಳಿಸಬೇಡಿ. ದಾಳದ ಸದ್ದು ಕೇಳಿದರೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ‘ಯಾವುದು ಚೆನ್ನಾಗಿದೆ’ ಎಂದೂ ಆರಿಸಬೇಡಿ, ತಡವಾಗುವುದು ಅಲ್ಲೇ. ಮುಂದಿನ ಬೇರು ಯಾವುದಿದೆಯೋ ಅದೇ ಆ ವ್ಯಕ್ತಿಯ ಬೇರು.

ಒಂದು ಸಂಜೆಯ ಆಟ

ಆಟಗಾರರು ಕಾಣೆಯಾದ ಒಬ್ಬ ಶಿಲ್ಪಿಯನ್ನು ಹುಡುಕುತ್ತಿದ್ದಾರೆ ಎಂದುಕೊಳ್ಳಿ. ಗುಡಿಯ ಕೆಲಸ ಮುಗಿದ ಹೊತ್ತಿನಲ್ಲಿ ಹೆಂಡದಂಗಡಿಗೆ ಬರುತ್ತಾರೆ.

“ಒಳಗೆ ಯಾರಿದ್ದಾರೆ?”

“ಮಡಕೆಗಳ ಹಿಂದೆ ಒಬ್ಬ ಹೆಂಗಸು. ನಿಮ್ಮ ಕಾಲಿನ ಧೂಳು ನೋಡಿ ಕೇಳುತ್ತಾಳೆ: ‘ಯಾವ ಊರಿನವರಪ್ಪಾ ನೀವು?’”

ಇಲ್ಲಿ ನಿರೂಪಕರು ಒಂದು ಕೆಲಸ ಮಾಡಿದರು. ಪರಸ್ಥಳದವರನ್ನು ಕಂಡರೆ ನಮ್ಮಲ್ಲಿ ಮೊದಲು ಕೇಳುವುದು ಊರು. ಆ ಪ್ರಶ್ನೆಯನ್ನು ಅಂಗಡಿಯವಳ ಬಾಯಿಂದ ಹಾಕಿಸಿದರೆ ಉತ್ತರಿಸುವ ಹೊಣೆ ಆಟಗಾರರದು. ಅವರು “ದೋರಸಮುದ್ರದಿಂದ ಬಂದೆವವ್ವಾ” ಎನ್ನುವಷ್ಟರಲ್ಲಿ ನಿಮ್ಮ ಕಣ್ಣು ಚೀಟಿಗೆ ಹೋಗಿ ಬಂದಿರುತ್ತದೆ. ಕಸುಬು ಹೆಂಡ, ಮೊದಲ ಬೇರು ಕೇತ, ಬಾಲ ಅವ್ವೆ.

“ನಿನ್ನ ಹೆಸರೇನವ್ವಾ?”

“ಹೆಂಡದ ಕೇತವ್ವೆ ಅಂದರೆ ಈ ಪೇಟೆಯಲ್ಲಿ ಯಾರಾದರೂ ತೋರಿಸುತ್ತಾರೆ. ನಿಮಗೆ ಯಾರು ಬೇಕು?”

ಅವಳು ಹೆಸರು ಹೇಳಿ ಅಲ್ಲಿಗೆ ನಿಲ್ಲಲಿಲ್ಲ, ಒಂದು ಪ್ರಶ್ನೆ ಸೇರಿಸಿದಳು. ಹೆಸರಿನ ನಂತರ ಮೌನ ಬಿದ್ದರೆ ಅದು ಈಗಷ್ಟೇ ಹುಟ್ಟಿದ್ದು ಎಂಬ ಅನುಮಾನ ಬರುತ್ತದೆ. ಮಾತು ಮುಂದಕ್ಕೆ ಹರಿದರೆ ಆ ಹೆಸರು ಮೊದಲಿನಿಂದಲೂ ಅಲ್ಲಿದ್ದಂತೆ ಕೇಳುತ್ತದೆ.

ಆಟಗಾರರು ಶಿಲ್ಪಿಯ ಬಗ್ಗೆ ಕೇಳುತ್ತಾರೆ. ಕೇತವ್ವೆ ಮೂಲೆಯತ್ತ ಕೈ ತೋರಿಸುತ್ತಾಳೆ. ಚೀಟಿಯ ಎರಡನೆಯ ಬೇರು ಲಕ್ಕ, ಅಲ್ಲಿ ಕುಳಿತವನು ಕೆಲಸಗಾರ: “ಅವನನ್ನು ಕೇಳಿ, ಲೊಕ್ಕಿಗುಂಡಿಯ ಲಕ್ಕೋಜ. ಇಬ್ಬರೂ ಒಂದೇ ಬಿಡಾರದವರು.” ಈಗಿನ ಲಕ್ಕುಂಡಿಯಾದ ಲೊಕ್ಕಿಗುಂಡಿಯ ಹೆಸರು ಬಂದದ್ದರಿಂದ ಹೊಸ ಕಥೆ ಹುಟ್ಟಲು ದಾರಿಯಾಯಿತು: ಇವನು ದೂರದವನು, ಮನೆಗೆ ಹೇಳಿಕಳಿಸಲು ಇವನಿಗೂ ಯಾರಾದರೂ ಬೇಕು. ಲಕ್ಕೋಜ ಹೇಳುತ್ತಾನೆ, ಕಾಣೆಯಾದವನು ಒಬ್ಬ ವ್ಯಾಪಾರಿಗೆ ಸಾಲ ತೀರಿಸಬೇಕಿತ್ತು. ಮೂರನೆಯ ಬೇರು ಬೊಪ್ಪ, ಬಾಲ ಸೆಟ್ಟಿ: ಬೊಪ್ಪಿಸೆಟ್ಟಿ. ಮೂರು ಹೆಸರಿಗೂ ಚೀಟಿ ನೋಡಿದ್ದು ಬೇರೆಯವರು ಮಾತಾಡುತ್ತಿದ್ದಾಗ.

ಹೆಸರು ಬಾಯಿಂದ ಬಂದ ಕೂಡಲೇ ಆ ಬೇರಿಗೆ ಗೆರೆ ಎಳೆದು ಪಕ್ಕದಲ್ಲಿ ಎರಡೇ ಮಾತು ಬರೆಯಿರಿ: ‘ಕೇತವ್ವೆ, ಕಾಲು ನೋಡುವವಳು’, ‘ಲಕ್ಕೋಜ, ಮೆಲುದನಿ’. ಆಟ ಮುಗಿದ ಮೇಲೆ ಬರೆಯೋಣ ಎಂದರೆ ಮುಂದಿನ ವಾರ ಕೇತವ್ವೆ ಲಕ್ಕವ್ವೆಯಾಗುತ್ತಾಳೆ. ನೀವು ಮರೆತರೂ ಆಟಗಾರರಲ್ಲಿ ಒಬ್ಬರಾದರೂ ಮರೆತಿರುವುದಿಲ್ಲ.

ಎಲ್ಲಿ ಎಡವುತ್ತದೆ

ಕಸುಬು ಸೇರಿದ ಹೆಸರು ಬೆನ್ನ ಹಿಂದಿನ ಗುರುತು. ಎದುರಿಗೆ ಯಾರೂ “ಬಾ ಹೆಂಡದ ಕೇತವ್ವೆ” ಎನ್ನುವುದಿಲ್ಲ, “ಕೇತವ್ವಾ” ಎನ್ನುತ್ತಾರೆ. ಬೊಪ್ಪಿಸೆಟ್ಟಿ ಎದುರಿಗೆ ಬಂದರೆ “ಸೆಟ್ಟರೇ”. ಈ ರೂಢಿ ನಿರೂಪಕರಿಗೆ ಅನುಕೂಲವೂ ಹೌದು. ಸೆಟ್ಟರು, ಹೆಗ್ಗಡೆಯವರು, ಓಜರು, ಅವ್ವ ಎಂದು ಕರೆಯುತ್ತ ಇಡೀ ದೃಶ್ಯವನ್ನು ಹೆಸರಿಲ್ಲದೆ ನಡೆಸಬಹುದು. ನೀರು ತಂದಿಟ್ಟ ಹುಡುಗನಿಗೆ ಹೆಸರು ಬೇಡ. ಆಟಗಾರರು ಕೇಳಿದಾಗ, ಇಲ್ಲವೇ ಅವನು ಮತ್ತೆ ಬರಲಿದ್ದಾನೆ ಎಂದಾಗ ಮಾತ್ರ ಒಂದು ಬೇರು ಖರ್ಚು ಮಾಡಿ.

ಹೆಸರು ನಾಟಿತೇ ಇಲ್ಲವೇ ಎಂದು ತಿಳಿಯುವುದು ಸುಲಭ. ಮುಂದಿನ ಸಲ ಆಟಗಾರರು “ಆ ಹೆಂಡದಂಗಡಿಯವಳು” ಎಂದರೆ ನಾಟಿಲ್ಲ. ತಿದ್ದಿ ಹೇಳಬೇಡಿ. ಬೇರೊಬ್ಬ ಪಾತ್ರದಿಂದ ಆ ಹೆಸರನ್ನು ಕೂಗಿಸಿ: “ಕೇತವ್ವಾ, ಇನ್ನೊಂದು ಕುಡಿಕೆ!”

ಇನ್ನೊಂದು ಎಚ್ಚರಿಕೆ ಮೇಜಿನ ಸುತ್ತ ಕುಳಿತವರ ಬಗ್ಗೆ. ಇಂದು ಗೌಡ, ಶೆಟ್ಟಿ ಎಂಬುವು ಜಾತಿಯನ್ನು ಸೂಚಿಸುವ ಹೆಸರುಗಳೂ ಹೌದು. ಗಾವುಂಡ, ಸೆಟ್ಟಿ ಎಂಬುವು ಆಗ ಹುದ್ದೆ ಮತ್ತು ವೃತ್ತಿಯನ್ನು ಹೇಳುತ್ತಿದ್ದವು. ಆಟ ಶುರುವಾಗುವ ಮೊದಲು ಇದನ್ನು ಒಂದು ಮಾತಿನಲ್ಲಿ ಹೇಳಿಬಿಡಿ. ಕಸುಬಿನ ಹೆಸರಿನವರೆಲ್ಲ ದಡ್ಡರು, ‘ಇಕಬ್ಬೆ’ಯವರೆಲ್ಲ ಜಾಣೆಯರು ಎಂಬ ಹಾಗೆ ಪಾತ್ರಗಳು ಬಾರದಂತೆಯೂ ನೋಡಿಕೊಳ್ಳಿ. ಶರಣರ ಪಟ್ಟಿಯಲ್ಲಿ ಬಟ್ಟೆ ಒಗೆಯುವವರೂ ಬುಟ್ಟಿ ಹೆಣೆಯುವವರೂ ವಚನಕಾರರಾಗಿದ್ದಾರೆ.

ನಿಯಮ ಮುರಿಯುವ ಸಂದರ್ಭ

ಒಂದು ಚೀಟಿ ಕೆಲವು ಸಂಜೆಗಳಿಗೆ ಸಾಕು. ಹನ್ನೆರಡೂ ಮುಗಿದ ಮೇಲೆ ಹೊಸ ಬೇರುಗಳಿಗೆ ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟವನ್ನು ತೆರೆಯಿರಿ. ಬೇಲೂರು, ಅರಸೀಕೆರೆ ತಾಲ್ಲೂಕುಗಳ ದಾನಶಾಸನಗಳಲ್ಲೂ ವೀರಗಲ್ಲುಗಳಲ್ಲೂ ಊರವರ ಹೆಸರು ಧಾರಾಳವಾಗಿವೆ. ಹೊಸ ಚೀಟಿಗೂ ಒಂದೊಂದು ಅಕ್ಷರಕ್ಕೆ ಒಂದೇ ಬೇರು ಎಂಬ ನಿಯಮ ಇರಲಿ.

ಈ ನಿಯಮವನ್ನು ಬೇಕೆಂದೇ ಮುರಿಯುವ ಒಂದು ಸಂದರ್ಭವಿದೆ. ಹೊಯ್ಸಳರಲ್ಲಿ ಒಂದನೆಯ ನರಸಿಂಹನ ಮಗ ಎರಡನೆಯ ಬಲ್ಲಾಳ, ಬಲ್ಲಾಳನ ಮಗ ಮತ್ತೆ ನರಸಿಂಹ: ಅಜ್ಜನ ಹೆಸರು ಮೊಮ್ಮಗನಿಗೆ. ಪೇಟೆಯ ಮನೆಗಳಿಗೂ ಇದನ್ನು ಅನ್ವಯಿಸಿ. ನಾಲ್ಕನೆಯ ಸಂಜೆ ಗುಡಿಯ ಅಂಗಳದಲ್ಲಿ ಸಿಕ್ಕ ಹುಡುಗನೊಬ್ಬ ತನ್ನ ಹೆಸರು ಬೊಪ್ಪಣ್ಣ ಎಂದರೆ, ಸಾಲ ಕೊಟ್ಟಿದ್ದ ಬೊಪ್ಪಿಸೆಟ್ಟಿಯನ್ನು ನೆನಪಿಟ್ಟ ಆಟಗಾರರು ತಾವಾಗಿಯೇ ಕೇಳುತ್ತಾರೆ: “ನೀನು ಸೆಟ್ಟರ ಮೊಮ್ಮಗನಾ?” ಅಲ್ಲಿಯವರೆಗೆ ಒಂದು ಬೇರೂ ಎರಡು ಸಲ ಬಂದಿರದಿದ್ದರೆ ಮಾತ್ರ ಈ ಪ್ರಶ್ನೆ ಏಳುತ್ತದೆ. ಗಡಿಬಿಡಿಯಲ್ಲಿ ಕಟ್ಟಿದ ಹೆಸರು ಸುಳಿವಾಗುವುದು ಹೀಗೆ.