ಚಪ್ಪಾಳೆಯಿಂದ ಹೆಸರಿನ ತನಕ

ಕಾಖಂಡಕಿಯಂಥ ನಮ್ಮ ಕಡೆಯ ಊರುಗಳಿಗೆ ಜೋಗಪ್ಪಗಳು ಹೊಸಬರಲ್ಲ. ತಲೆಯ ಮೇಲೆ ಎಲ್ಲಮ್ಮನ ಜಗ ಹೊತ್ತು, ಚೌಡಿಕೆ ನುಡಿಸುತ್ತ ಬಂದರೆ ಹೆಣ್ಣುಮಕ್ಕಳು ಮೊರದಲ್ಲಿ ಜೋಳ ತಂದು ಪಡ್ಲಿಗೆಗೆ ಹಾಕಿ ಕೈಮುಗಿಯುತ್ತಾರೆ. ಅದೇ ಮನೆಯವರು ರಾತ್ರಿ ಟಿವಿ ಮುಂದೆ ಕುಳಿತು, ಸೀರೆಯುಟ್ಟ ಗಂಡಸೊಬ್ಬ ಚಪ್ಪಾಳೆ ತಟ್ಟಿ ನಾಯಕನ ಗೆಳೆಯನ ಕೆನ್ನೆ ಹಿಂಡಿದರೆ ನಗುತ್ತಾರೆ. ಈ ಇಬ್ಬಗೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಆ ಪಾತ್ರಗಳಿಗೆ ಹೆಸರೇ ಇರುತ್ತಿರಲಿಲ್ಲ. ತಾಯಿ, ದುಡಿಮೆ, ಬಾಡಿಗೆ ಮನೆ ಯಾವುದೂ ಇಲ್ಲ. ದೃಶ್ಯವನ್ನು ಕತ್ತರಿಸಿ ಬಿಸಾಕಿದರೂ ಕತೆಗೆ ಏನೂ ಆಗುತ್ತಿರಲಿಲ್ಲ. ಬರೆದವರು ಕಷ್ಟಪಟ್ಟಿಲ್ಲ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

2015ರಲ್ಲಿ ತೆರೆಗೆ ಬಂದ ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಅದರ ಬೇರು ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಬರೆದ ಆತ್ಮಕತೆಯಲ್ಲಿದೆ. ತಮಿಳ್ ಸೆಲ್ವಿ ಅದನ್ನು ಕನ್ನಡಕ್ಕೆ ತಂದಿದ್ದರು. ಸಿನಿಮಾದಲ್ಲಿ ಮಾದೇಶ ಎಂಬ ಹಳ್ಳಿ ಹುಡುಗ ವಿದ್ಯಾ ಆಗುತ್ತಾಳೆ. ಮನೆಯವರ ಸಿಟ್ಟು, ಊರು ಬಿಡುವುದು, ತನ್ನಂಥವರ ಆಸರೆ, ಭಿಕ್ಷೆ, ಶಸ್ತ್ರಚಿಕಿತ್ಸೆ ಹೀಗೆ ಒಂದಕ್ಕೊಂದು ಕೊಂಡಿಯಾಗಿ ಸಾಗುತ್ತದೆ ಕತೆ. ಅವಳು ಕೈಚಾಚಿದಾಗ ಪ್ರೇಕ್ಷಕನಿಗೆ ನಗು ಬರುವುದಿಲ್ಲ. ಆ ಕೈ ಅಲ್ಲಿಗೆ ಹೇಗೆ ಬಂತು ಎನ್ನುವುದನ್ನು ಅವನು ಆಗಲೇ ಕಂಡಿರುತ್ತಾನೆ.

ಸಂಚಾರಿ ವಿಜಯ್ ಅವರಿಗೆ ಈ ಪಾತ್ರಕ್ಕೆ 62ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟ ಗೌರವ ಬಂತು. ಪ್ರಸಾಧನಕ್ಕೂ ಪ್ರಶಸ್ತಿ ಬಂತು. ಹುಡುಗ ಹೆಣ್ಣಾಗುವುದನ್ನು ಹಂತ ಹಂತವಾಗಿ ನಂಬಿಸುವುದರಲ್ಲಿ ಬಣ್ಣ ಹಚ್ಚಿದವರ ಪಾಲು ಸಣ್ಣದಲ್ಲ. 2021ರ ಜೂನ್‌ನಲ್ಲಿ ರಸ್ತೆ ಅಪಘಾತ ವಿಜಯ್ ಅವರನ್ನು ಕಿತ್ತುಕೊಂಡಿತು. ಅಂಥ ಪಾತ್ರಗಳನ್ನು ಇನ್ನೂ ಮಾಡಬೇಕಿದ್ದ ವಯಸ್ಸು.

ಆದರೂ ವಿದ್ಯಾ ಆಗಿ ನಿಂತದ್ದು ಗಂಡು ನಟನೇ. ರಾಮ್ ನಿರ್ದೇಶನದ ತಮಿಳಿನ ‘ಪೇರನ್ಬು’ ಈ ಗೆರೆಯನ್ನೂ ದಾಟಿತು. ಮಮ್ಮುಟ್ಟಿ ಎದುರು ಟ್ರಾನ್ಸ್‌ಜೆಂಡರ್ ಮಹಿಳೆಯ ಪಾತ್ರ ಮಾಡಿದವರು ಅಂಜಲಿ ಅಮೀರ್, ಸ್ವತಃ ಟ್ರಾನ್ಸ್‌ಜೆಂಡರ್ ಮಹಿಳೆ. ಅದೇ ಮಮ್ಮುಟ್ಟಿ 2023ರಲ್ಲಿ ‘ಕಾದಲ್’ ಚಿತ್ರದಲ್ಲಿ ಊರ ಚುನಾವಣೆಗೆ ನಿಂತ, ಮದುವೆಯಾದ ಸಲಿಂಗಿಯಾದರು. ಅಲ್ಲಿ ವಿಚ್ಛೇದನ ಕೇಳುವ ಹೆಂಡತಿಯ ನೋವಿಗೂ ಅಷ್ಟೇ ಜಾಗ ಸಿಕ್ಕಿದೆ.

ನಮ್ಮಲ್ಲಿ ಟ್ರಾನ್ಸ್‌ಜೆಂಡರ್ ಕಲಾವಿದರಿಗೇನು ಬರವೇ? ಮಂಜಮ್ಮ ಜೋಗತಿ ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತವರು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. 2021ರಲ್ಲಿ ಪದ್ಮಶ್ರೀ ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಚೌಡಿಕೆ ಹಿಡಿಯಬಲ್ಲ, ಮಾತು ಬಲ್ಲ ಜೋಗತಿಯರು ಇರುವ ನಾಡಿನಲ್ಲಿ ಧಾರಾವಾಹಿ ಮಾಡುವವರು ನಟನಿಗೆ ಸೀರೆ ಉಡಿಸುವ ಮೊದಲು ಅವರನ್ನು ಒಮ್ಮೆ ಕರೆದು ಕೇಳಲಿ.