ಬದಲಿಸಿದ ಹಿನ್ನೆಲೆಯಲ್ಲಿ ಪ್ಯಾನಿಂಗ್ ಮಸುಕು

ಪ್ಯಾನಿಂಗ್ ಮಸುಕು ಎಂಬುದು ಚಲಿಸುತ್ತಿರುವ ವಾಹನವು ಸ್ಪಷ್ಟವಾಗಿಯೂ, ಅದರ ಹಿನ್ನೆಲೆಯು ಚಲನೆಯ ದಿಕ್ಕಿನಲ್ಲಿ ಗೆರೆಗೆರೆಯಾಗಿ ಹರಡಿದಂತೆಯೂ ಕಾಣುವ ಛಾಯಾಚಿತ್ರ ಪರಿಣಾಮವಾಗಿದೆ. ನಿಂತಿರುವ ವಾಹನದ ಚಿತ್ರವನ್ನು ಕತ್ತರಿಸಿ ಬೇರೊಂದು ರಸ್ತೆಯ ಚಿತ್ರದ ಮೇಲೆ ಇರಿಸಿದಾಗ, ಈ ಮಸುಕನ್ನು ಚಿತ್ರ ಸಂಪಾದನಾ ತಂತ್ರಾಂಶದಲ್ಲಿ ಕೃತಕವಾಗಿ ಉಂಟುಮಾಡಬೇಕಾಗುತ್ತದೆ. ಹಿನ್ನೆಲೆಯ ಮಸುಕು, ಚಕ್ರಗಳ ತಿರುಗುವಿಕೆ ಮತ್ತು ನೆರಳು ಈ ಮೂರೂ ಒಂದೇ ವೇಗವನ್ನು ಸೂಚಿಸಿದಾಗ ಮಾತ್ರ ಚಿತ್ರವು ಸಹಜವಾಗಿ ಕಾಣುತ್ತದೆ.

## ಹಿನ್ನೆಲೆ ಮಸುಕಾಗುವ ಕಾರಣ

ನೈಜ ಪ್ಯಾನಿಂಗ್‌ನಲ್ಲಿ ಛಾಯಾಗ್ರಾಹಕನು ನಿಂತಲ್ಲಿಯೇ ನಿಂತು, ವಾಹನವನ್ನು ಹಿಂಬಾಲಿಸುವಂತೆ ಕ್ಯಾಮೆರಾವನ್ನು ತಿರುಗಿಸುತ್ತಾನೆ. ಷಟರ್ ತೆರೆದಿರುವಷ್ಟು ಹೊತ್ತು ವಾಹನವು ಚೌಕಟ್ಟಿನ ಒಂದೇ ಸ್ಥಾನದಲ್ಲಿ ಉಳಿಯುತ್ತದೆ. ರಸ್ತೆ, ಮರ, ಗೋಡೆ ಮೊದಲಾದ ಸ್ಥಿರ ವಸ್ತುಗಳು ವಿರುದ್ಧ ದಿಕ್ಕಿಗೆ ಸರಿದು ಗೆರೆಗಳಾಗುತ್ತವೆ.

ಇಲ್ಲಿ ಕ್ಯಾಮೆರಾ ತಿರುಗುತ್ತದೆಯೇ ಹೊರತು ಸ್ಥಳ ಬದಲಿಸುವುದಿಲ್ಲ. ಆದುದರಿಂದ ಹತ್ತಿರದ ಕಂಬವೂ ದೂರದ ಬೆಟ್ಟವೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಮಸುಕಾಗುತ್ತವೆ. ಹಿನ್ನೆಲೆಯ ಇಡೀ ಪದರಕ್ಕೆ ಒಂದೇ ಉದ್ದದ ಮಸುಕನ್ನು ನೀಡಬಹುದಾದುದು ಇದೇ ಕಾರಣದಿಂದ. ಪಕ್ಕದಲ್ಲಿ ಓಡುವ ಇನ್ನೊಂದು ವಾಹನದಿಂದ ತೆಗೆದ ಚಿತ್ರದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಕ್ಯಾಮೆರಾವೇ ಮುಂದೆ ಸಾಗುವುದರಿಂದ ಹತ್ತಿರದ ರಸ್ತೆ ಹೆಚ್ಚು ಮಸುಕಾಗುತ್ತದೆ, ದೂರದ ಬೆಟ್ಟ ಬಹುತೇಕ ಸ್ಪಷ್ಟವಾಗಿ ಉಳಿಯುತ್ತದೆ. ಈ ಎರಡು ಬಗೆಗಳನ್ನು ಒಂದೇ ಚಿತ್ರದಲ್ಲಿ ಬೆರೆಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

## ಮಸುಕಿನ ಉದ್ದದ ಲೆಕ್ಕ

ಮಸುಕಿನ ಉದ್ದವು ಷಟರ್ ತೆರೆದಿರುವಾಗ ವಾಹನವು ಕ್ರಮಿಸುವ ದೂರವನ್ನು ಅವಲಂಬಿಸಿದೆ. ಉದಾಹರಣೆಗೆ, 4 ಮೀಟರ್ ಉದ್ದದ ಕಾರೊಂದನ್ನು ನೇರ ಪಾರ್ಶ್ವದಿಂದ ಚಿತ್ರಿಸಲಾಗಿದ್ದು, ಅದು 3000 ಪಿಕ್ಸೆಲ್ ಅಗಲದ ಚಿತ್ರದಲ್ಲಿ 2000 ಪಿಕ್ಸೆಲ್‌ಗಳನ್ನು ಆವರಿಸಿದೆ ಎಂದುಕೊಳ್ಳಬಹುದು. ಆಗ 1 ಮೀಟರ್ ಎಂದರೆ 500 ಪಿಕ್ಸೆಲ್.

ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದು, ಷಟರ್ ಸೆಕೆಂಡಿನ 1/60 ಭಾಗದಷ್ಟು ಕಾಲ ತೆರೆದಿತ್ತು ಎಂದು ತೋರಿಸಬೇಕಾಗಿದೆ. ಈ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. 1/60 ಸೆಕೆಂಡಿನಲ್ಲಿ ಅದು ಸಾಗುವ ದೂರ ಸುಮಾರು 28 ಸೆಂಟಿಮೀಟರ್. ಇದನ್ನು ಪಿಕ್ಸೆಲ್‌ಗೆ ಪರಿವರ್ತಿಸಿದರೆ ಸುಮಾರು 140 ಪಿಕ್ಸೆಲ್ ಆಗುತ್ತದೆ.

ಇದೇ ವೇಗಕ್ಕೆ 1/250 ಸೆಕೆಂಡಿನ ಷಟರ್ ಆಗಿದ್ದರೆ ಮಸುಕು 33 ಪಿಕ್ಸೆಲ್ ಮಾತ್ರ. ಅಷ್ಟು ಕಡಿಮೆ ಮಸುಕಿನಲ್ಲಿ ಕಾರು ನಿಧಾನವಾಗಿ ಸಾಗುತ್ತಿರುವಂತೆ ತೋರುತ್ತದೆ. ಮತ್ತೊಂದೆಡೆ, ವೇಗ ಹೆಚ್ಚು ಕಾಣಲೆಂದು 500 ಪಿಕ್ಸೆಲ್ ಮಸುಕು ನೀಡಿದರೆ, 1/60 ಸೆಕೆಂಡಿನ ಲೆಕ್ಕದಲ್ಲಿ ಅದು ಗಂಟೆಗೆ 216 ಕಿಲೋಮೀಟರ್ ಆಗುತ್ತದೆ. ರಸ್ತೆಯ ಗುರುತುಗಳೆಲ್ಲ ಅಳಿಸಿ, ಹಿನ್ನೆಲೆಯು ಬಣ್ಣದ ಪಟ್ಟಿಗಳಾಗಿ ಉಳಿಯುತ್ತದೆ.

## ಹಿನ್ನೆಲೆಯ ಪದರ

ಜಿಂಪ್ ತಂತ್ರಾಂಶದಲ್ಲಿ ಹಿನ್ನೆಲೆಯ ಪದರವನ್ನು ಆರಿಸಿ `Filters > Blur > Linear Motion Blur` ಎಂಬಲ್ಲಿ `Length` ಅನ್ನು 140 ಎಂದು ನಮೂದಿಸಲಾಗುತ್ತದೆ. `Angle` ಮೌಲ್ಯವು ಕಾರಿನ ಎರಡು ಟೈರುಗಳು ನೆಲಕ್ಕೆ ತಾಗುವ ಬಿಂದುಗಳನ್ನು ಸೇರಿಸುವ ರೇಖೆಗೆ ಸಮಾನಾಂತರವಾಗಿರಬೇಕು. ಆ ರೇಖೆಯು ಅಡ್ಡಲಾಗಿದ್ದರೆ ಮೌಲ್ಯ 0. ಕೋನವು ಎರಡು ಮೂರು ಡಿಗ್ರಿಗಳಷ್ಟು ತಪ್ಪಿದರೂ ಕಾರು ರಸ್ತೆಯಿಂದ ಮೇಲೇಳುತ್ತಿರುವಂತೆ ಅಥವಾ ನೆಲದೊಳಗೆ ಇಳಿಯುತ್ತಿರುವಂತೆ ಕಾಣುತ್ತದೆ.

ಹಿನ್ನೆಲೆಯ ಚಿತ್ರವು ಮೂಲತಃ ಸ್ಪಷ್ಟವಾಗಿರಬೇಕು ಮತ್ತು ಕಾರಿನ ಚಿತ್ರ ತೆಗೆದಷ್ಟೇ ಎತ್ತರದಿಂದ ತೆಗೆದುದಾಗಿರಬೇಕು. ಅದರಲ್ಲಿ ಬೇರೆ ವಾಹನಗಳು ಇರದಿರುವುದು ಒಳ್ಳೆಯದು. ಅದೇ ದಿಕ್ಕಿನಲ್ಲಿ ಸಾಗುವ ವಾಹನವು ನಿಜದಲ್ಲಿ ಗೋಡೆಗಿಂತ ಕಡಿಮೆಯೂ, ಎದುರಿನಿಂದ ಬರುವ ವಾಹನವು ಹೆಚ್ಚೂ ಮಸುಕಾಗಬೇಕು. ಎಲ್ಲವೂ ಒಂದೇ ಪ್ರಮಾಣದಲ್ಲಿ ಮಸುಕಾದರೆ ಅವು ನಿಂತಿರುವ ವಾಹನಗಳಂತೆ ತೋರುತ್ತವೆ.

ಚಿತ್ರದ ಎಡ ಮತ್ತು ಬಲ ಅಂಚುಗಳಲ್ಲಿ ಮಸುಕಿಗೆ ಬೇಕಾದ ಪಿಕ್ಸೆಲ್‌ಗಳು ದೊರೆಯದೆ ಮಂಕಾದ ಪಟ್ಟಿ ಉಂಟಾಗಬಹುದು. ಹಿನ್ನೆಲೆಯ ಚಿತ್ರವನ್ನು ಪ್ರತಿ ಬದಿಯಲ್ಲಿ ಮಸುಕಿನ ಉದ್ದದಷ್ಟು, ಅಂದರೆ 140 ಪಿಕ್ಸೆಲ್‌ಗಳಷ್ಟು, ಹೆಚ್ಚು ಅಗಲವಾಗಿ ಇಟ್ಟುಕೊಂಡು, ಮಸುಕು ಮಾಡಿದ ನಂತರ ಅಂಚುಗಳನ್ನು ಕತ್ತರಿಸುವುದರಿಂದ ಈ ದೋಷ ತಪ್ಪುತ್ತದೆ.

## ಚಕ್ರಗಳು

ಹಿನ್ನೆಲೆ ಎಷ್ಟೇ ಮಸುಕಾಗಿದ್ದರೂ ಚಕ್ರದ ಕಡ್ಡಿಗಳು ಸ್ಪಷ್ಟವಾಗಿದ್ದರೆ ಕಾರನ್ನು ಎಳೆದೊಯ್ಯುತ್ತಿರುವಂತೆ ಭಾಸವಾಗುತ್ತದೆ. ಜಾರದೆ ಉರುಳುವ ಚಕ್ರವು ತಿರುಗುವ ಕೋನವನ್ನು, ಕ್ರಮಿಸಿದ ದೂರವನ್ನು ಟೈರಿನ ತ್ರಿಜ್ಯದಿಂದ ಭಾಗಿಸಿ ತಿಳಿಯಬಹುದು. ಟೈರಿನ ತ್ರಿಜ್ಯ 30 ಸೆಂಟಿಮೀಟರ್ ಆಗಿದ್ದರೆ ಮೇಲಿನ ಉದಾಹರಣೆಯ ಲೆಕ್ಕ ಹೀಗಿದೆ:

```
0.278 / 0.30 = 0.93 rad ≈ 53°
```

ಪ್ರತಿ ಚಕ್ರವನ್ನು ಪ್ರತ್ಯೇಕ ಪದರಕ್ಕೆ ನಕಲಿಸಿ, `Filters > Blur > Circular Motion Blur` ಮೂಲಕ ಚಕ್ರದ ನಡುಬಿಂದುವನ್ನು ಕೇಂದ್ರವಾಗಿಟ್ಟು 53 ಡಿಗ್ರಿಗಳ ಮಸುಕು ನೀಡಲಾಗುತ್ತದೆ. ಕೇಂದ್ರವು ಸ್ವಲ್ಪ ಪಕ್ಕಕ್ಕೆ ಸರಿದರೂ ರಿಮ್ ಓಲಾಡುತ್ತಿರುವಂತೆ ಕಾಣುತ್ತದೆ. ಚಕ್ರದ ಮೇಲಿನ ಮಡ್‌ಗಾರ್ಡ್ ಮತ್ತು ಕಡ್ಡಿಗಳ ನಡುವೆ ಕಾಣುವ ಬ್ರೇಕ್ ಕ್ಯಾಲಿಪರ್ ತಿರುಗುವುದಿಲ್ಲವಾದ್ದರಿಂದ, ಅವನ್ನು ಮಸುಕಿನಿಂದ ಹೊರಗಿಡಬೇಕು.

## ನೆರಳು ಮತ್ತು ಕಿಟಕಿಗಳು

ಕಾರಿನ ನೆರಳು ಕಾರಿನೊಂದಿಗೇ ಸಾಗುತ್ತದೆ. ಆದುದರಿಂದ ಅದು ರಸ್ತೆಯಂತೆ ಮಸುಕಾಗಬಾರದು. ಆದರೆ ನೆರಳಿನೊಳಗೆ ಕಾಣುವ ಡಾಂಬರಿನ ಮೇಲ್ಮೈ ಮಸುಕಾಗಿರಬೇಕು. ನೆರಳನ್ನು ರಸ್ತೆಯ ಪದರದಲ್ಲಿಯೇ ಬರೆದು ನಂತರ ಮಸುಕು ಮಾಡಿದರೆ ಅದು ಬಂಪರಿನ ಮುಂದಕ್ಕೂ ಹಿಂದಕ್ಕೂ ಚಾಚಿಕೊಳ್ಳುತ್ತದೆ, ಟೈರು ನೆಲಕ್ಕೆ ತಾಗುವಲ್ಲಿ ಕಪ್ಪು ತೆಳುವಾಗಿ ಕಾರು ತೇಲುತ್ತಿರುವಂತೆ ಕಾಣುತ್ತದೆ. ಮಸುಕಾದ ರಸ್ತೆಯ ಮೇಲೆ, ಕಾರಿನ ಕೆಳಗೆ, ನೆರಳನ್ನು ಬೇರೆಯೇ ಪದರವಾಗಿ `Multiply` ವಿಧಾನದಲ್ಲಿ ಇರಿಸುವುದರಿಂದ ಎರಡೂ ಸರಿಯಾಗುತ್ತವೆ.

ಕಿಟಕಿಯ ಗಾಜಿನ ಮೂಲಕ ಕಾಣುವ ಹೊರನೋಟವೂ ಹಿನ್ನೆಲೆಯ ಭಾಗವೇ ಆಗಿದೆ. ಕಾರನ್ನು ಕತ್ತರಿಸುವಾಗ ಗಾಜಿನ ಭಾಗವನ್ನು ಅರೆಪಾರದರ್ಶಕವಾಗಿಸದಿದ್ದರೆ, ಕಾರು ಮೊದಲು ನಿಂತಿದ್ದ ಸ್ಥಳದ ಗೋಡೆ ಅಥವಾ ಮರವು ಅದರಲ್ಲಿ ಸ್ಪಷ್ಟವಾಗಿ ಉಳಿಯುತ್ತದೆ. ಬಾಗಿಲಿನ ಹೊಳಪಿನಲ್ಲಿ ಪ್ರತಿಫಲಿಸಿರುವ ಕಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳನ್ನು ಚಲನೆಯ ದಿಕ್ಕಿನಲ್ಲಿ ಮಸುಕು ಮಾಡಬೇಕಾಗುತ್ತದೆ. ಚಾಲಕನಿಲ್ಲದ ಆಸನವೂ ನಿಂತ ಕಾರಿನ ಗುಟ್ಟನ್ನು ಬಯಲು ಮಾಡುತ್ತದೆ.

## ಮಿತಿಗಳು

ಮೇಲಿನ ಲೆಕ್ಕವು ನೇರ ಪಾರ್ಶ್ವನೋಟಕ್ಕೆ ಮಾತ್ರ ಸರಿಹೊಂದುತ್ತದೆ. ಓರೆಯಾಗಿ ಕ್ಯಾಮೆರಾದತ್ತ ಬರುವ ಕಾರಿನಲ್ಲಿ ಚಕ್ರಗಳು ಅಂಡಾಕಾರವಾಗಿ ಕಾಣುತ್ತವೆ. ಅಲ್ಲದೆ, ನೈಜ ಪ್ಯಾನಿಂಗ್‌ನಲ್ಲಿ ಕಾರಿನ ಮುಂಭಾಗ ಸ್ಪಷ್ಟವಾಗಿದ್ದರೆ ಹಿಂಭಾಗವು ಕೊಂಚ ಮಸುಕಾಗಿರುತ್ತದೆ. ಒಂದೇ ಕೋನದ ಸರಳ ಮಸುಕಿನಿಂದ ಇದನ್ನು ಸಾಧಿಸಲಾಗದು.

ಮಸುಕಿನ ಉದ್ದವು ವೇಗ ಮತ್ತು ಷಟರ್ ಕಾಲ ಎರಡರ ಗುಣಲಬ್ಧವನ್ನು ಅನುಸರಿಸುವುದರಿಂದ, ಷಟರ್ ಕಾಲ ತಿಳಿಯದೆ ಮಸುಕನ್ನು ಮಾತ್ರ ನೋಡಿ ವೇಗವನ್ನು ನಿರ್ಧರಿಸಲಾಗುವುದಿಲ್ಲ. 1/60 ಸೆಕೆಂಡಿನಲ್ಲಿ 60 ಕಿಲೋಮೀಟರ್ ವೇಗದ ಕಾರು ಉಂಟುಮಾಡುವ ಮಸುಕನ್ನೇ 1/30 ಸೆಕೆಂಡಿನಲ್ಲಿ 30 ಕಿಲೋಮೀಟರ್ ವೇಗದ ಕಾರೂ ಉಂಟುಮಾಡುತ್ತದೆ. ಜಾಹೀರಾತು ಮತ್ತು ಚಿತ್ರಕಲೆಯಲ್ಲಿ ಈ ತಂತ್ರದ ಬಳಕೆ ಸಾಮಾನ್ಯ. ಆದರೆ ನಿಂತಿದ್ದ ವಾಹನವನ್ನು ಓಡುತ್ತಿದ್ದಂತೆ ತೋರಿಸುವ ಇಂತಹ ಚಿತ್ರವನ್ನು ಸುದ್ದಿಚಿತ್ರವಾಗಿ ಅಥವಾ ಅಪಘಾತದ ಸಾಕ್ಷ್ಯವಾಗಿ ಬಳಸುವಂತಿಲ್ಲ.